ಅರ್ಧ ಅರ್ಧ ಅಲ್ಲದ ‘ಬ್ಯಾಲೆನ್ಸ್ಡ್’

ನಮ್ಮ ಬೀದಿಯ ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಕಳೆದ ವಾರ ಒಂದು ಫ್ಯಾಕ್ಟ್‌ಶೀಟಿನ ಪ್ರಿಂಟ್ ಹಿಡಿದು ಬಂದರು. ಮಕ್ಕಳ ಉತ್ತರಪತ್ರಿಕೆ ತಿದ್ದಿದ ಹಾಗೆ ಒಂದು ಸಾಲಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.

“ಇದು ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಫಂಡ್ ಅಂತೆ. ಅರ್ಧ ಷೇರು, ಅರ್ಧ ಸಾಲಪತ್ರ ಇರತ್ತೆ ಅಂದ್ಕೊಂಡಿದ್ದೆ. ಇಲ್ಲಿ ನೋಡಿದ್ರೆ ಷೇರು ನೂರಕ್ಕೆ 68. ಕೆಳಗೆ ಮೈನಸ್ 24 ಅಂತ ಬೇರೆ ಇದೆ. ಆಸ್ತಿ ಪಟ್ಟಿಯಲ್ಲಿ ಮೈನಸ್ ಹೇಗೆ ಬಂತು ಸ್ವಾಮಿ?”

ಆ ಸುತ್ತು ಬಿದ್ದಿದ್ದು ಸರಿಯಾದ ಜಾಗಕ್ಕೇ. ಫಂಡ್‌ನ ಗುಟ್ಟೆಲ್ಲ ಆ ಮೈನಸ್‌ನಲ್ಲೇ ಇದೆ.

ಫಂಡ್ ಒಂದು ಕಂಪನಿಯ ಷೇರನ್ನು ಇವತ್ತು 1,000 ರೂಪಾಯಿಗೆ ಕೊಳ್ಳುತ್ತದೆ ಎನ್ನಿ. ಅದೇ ಹೊತ್ತಿಗೆ ಅದೇ ಷೇರನ್ನು ಫ್ಯೂಚರ್ಸ್‌ನಲ್ಲಿ, ತಿಂಗಳ ಕೊನೆಯ ವಾಯಿದೆಗೆ, 1,006ಕ್ಕೆ ಮಾರಿಬಿಡುತ್ತದೆ. ವಾಯಿದೆಯ ದಿನ ಎರಡೂ ಬೆಲೆ ಒಂದೇ ಆಗುತ್ತವೆ. ಷೇರು 800ಕ್ಕೆ ಕುಸಿದಿದ್ದರೆ ಕೈಯಲ್ಲಿರುವ ಷೇರಿನಲ್ಲಿ 200 ನಷ್ಟ, ಫ್ಯೂಚರ್ಸ್‌ನಲ್ಲಿ 206 ಲಾಭ. 1,200ಕ್ಕೆ ಏರಿದ್ದರೆ ಷೇರಿನಲ್ಲಿ 200 ಲಾಭ, ಫ್ಯೂಚರ್ಸ್‌ನಲ್ಲಿ 194 ನಷ್ಟ. ಎರಡರಲ್ಲೂ ಉಳಿಯುವುದು ಆರು ರೂಪಾಯಿಯೇ. ಇದೇ ಆರ್ಬಿಟ್ರೇಜ್. ಪಟ್ಟಿಯಲ್ಲಿ ಇದು ಷೇರು ಅನ್ನಿಸಿಕೊಂಡರೂ ನಡತೆಯೆಲ್ಲ ಅಲ್ಪಾವಧಿ ಠೇವಣಿಯದು. ಮೇಷ್ಟ್ರ ಫಂಡ್‌ನಲ್ಲಿ 68ರ ಪೈಕಿ 24 ಭಾಗ ಹೀಗೆ ಕಟ್ಟಿಹಾಕಿದ್ದು. ಪೇಟೆಯ ಜೊತೆ ನಿಜವಾಗಿ ಏರಿಳಿಯುವುದು ಉಳಿದ 44 ಮಾತ್ರ. ಇದನ್ನೇ ನಿವ್ವಳ ಈಕ್ವಿಟಿ ಅನ್ನುವುದು.

“ಹಾಗಾದ್ರೆ ನೇರವಾಗಿ 44 ಷೇರು ಇಟ್ಕೊಂಡು ಮಿಕ್ಕಿದ್ದನ್ನ ಸಾಲಪತ್ರಕ್ಕೆ ಹಾಕಬಹುದಿತ್ತಲ್ಲ? ಯಾಕಿಷ್ಟು ಸರ್ಕಸ್ಸು?”

ತೆರಿಗೆಗಾಗಿ. ಭಾರತೀಯ ಷೇರುಗಳ ಪಾಲು ಶೇ 65 ದಾಟಿದ್ದರೆ ಕಾನೂನಿನ ಕಣ್ಣಿಗೆ ಅದು ಈಕ್ವಿಟಿ ಫಂಡ್. ವರ್ಷ ಕಳೆದು ಮಾರಿದರೆ ಆರ್ಥಿಕ ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 12.5. ವರ್ಷದೊಳಗೆ ಮಾರಿದರೆ ಶೇ 20. 2024ರ ಜುಲೈನಿಂದ ದರ ಇದು. ಕಟ್ಟಿಹಾಕಿದ ಷೇರೂ 65ರ ಲೆಕ್ಕಕ್ಕೆ ಸೇರುವುದರಿಂದ ಈ ಏರ್ಪಾಟು. ಇದರಲ್ಲಿ ಮೋಸವೇನಿಲ್ಲ, ಎಲ್ಲ ನಿಯಮದೊಳಗೇ ಇದೆ. ಆದರೆ 68 ನೋಡಿ ಹೆದರುವುದೂ ತಪ್ಪು, ‘ಬ್ಯಾಲೆನ್ಸ್ಡ್’ ಎಂಬ ಹೆಸರು ನೋಡಿ ನಿಶ್ಚಿಂತರಾಗುವುದೂ ತಪ್ಪು.

ಯಾಕೆಂದರೆ ಸೆಬಿ 2017ರ ಅಕ್ಟೋಬರ್‌ನಲ್ಲಿ ಫಂಡ್‌ಗಳನ್ನು ವರ್ಗೀಕರಿಸಿದಾಗ ಈ ಗುಂಪಿಗೆ ಇಷ್ಟೇ ಷೇರು ಇರಬೇಕೆಂಬ ಗೆರೆ ಎಳೆಯಲಿಲ್ಲ. ಪಾಲು ಬದಲಿಸುತ್ತಿರಿ ಎಂದಿತು, ಅಷ್ಟೆ. ಎಷ್ಟು, ಯಾವಾಗ ಎಂಬುದು ಆಯಾ ಫಂಡ್‌ನ ಸೂತ್ರಕ್ಕೆ ಬಿಟ್ಟದ್ದು. ಐಸಿಐಸಿಐ ಪ್ರುಡೆನ್ಶಿಯಲ್‌ನವರದು ಷೇರುಗಳ ಪುಸ್ತಕ ಮೌಲ್ಯಕ್ಕೂ ಪೇಟೆ ಬೆಲೆಗೂ ಇರುವ ಅನುಪಾತ ನೋಡುವ ಸೂತ್ರ: ಅಗ್ಗವಾದಾಗ ಕೊಳ್ಳು, ದುಬಾರಿಯಾದಾಗ ಇಳಿಸು. ಎಡೆಲ್ವೈಸ್‌ನವರದು ಪೇಟೆಯ ಓಟದ ದಿಕ್ಕು ಹಿಡಿಯುವ ಸೂತ್ರ: ಏರುವಾಗ ಹೆಚ್ಚಿಸು, ಬೀಳುವಾಗ ಕಡಿಮೆ ಮಾಡು. ಹೆಸರು ಒಂದೇ, ಒಂದೇ ದಿನ ಇವರು ಕೊಳ್ಳುತ್ತಿದ್ದರೆ ಅವರು ಮಾರುತ್ತಿರಬಹುದು. ಕಳೆದ ಎರಡು ವರ್ಷದ ಫ್ಯಾಕ್ಟ್‌ಶೀಟ್‌ಗಳಲ್ಲಿ ನಿವ್ವಳ ಈಕ್ವಿಟಿ ಸಂಖ್ಯೆಯೊಂದನ್ನೇ ಹೆಕ್ಕಿ ಸಾಲಾಗಿ ಬರೆದುಕೊಂಡರೆ ಫಂಡ್ ಯಾವ ಜಾತಿಯದೆಂದು ತಿಳಿಯುತ್ತದೆ. ಸಂಖ್ಯೆ ಎಂಬತ್ತರ ಆಸುಪಾಸಿನಲ್ಲೇ ನಿಂತಿದ್ದರೆ ಅದು ಹೆಸರಿಗಷ್ಟೇ ಬ್ಯಾಲೆನ್ಸ್ಡ್.

ಷೇರು, ಸಾಲಪತ್ರ ಬೆರೆಸುವ ಇನ್ನೊಂದು ಬಗೆಯಾದ ಅಗ್ರೆಸಿವ್ ಹೈಬ್ರಿಡ್ ಇಷ್ಟು ಗೂಢವಲ್ಲ. ಷೇರು 65ರಿಂದ 80, ಸಾಲಪತ್ರ 20ರಿಂದ 35, ಇದು ನಿಯಮ. ಫಂಡ್ ಮ್ಯಾನೇಜರ್‌ಗೆ ಎಷ್ಟೇ ಭಯವಾದರೂ 65ರ ಕೆಳಗಿಳಿಯುವಂತಿಲ್ಲ. ಇಲ್ಲಿ ಷೇರುಗಳನ್ನು ಸಾಮಾನ್ಯವಾಗಿ ಕಟ್ಟಿಹಾಕಿರುವುದಿಲ್ಲ, 75 ಎಂದರೆ 75ಕ್ಕೂ ಪೇಟೆಯ ಬಿಸಿ ತಟ್ಟುತ್ತದೆ.

ಮೇಷ್ಟ್ರ ಕೈಯಲ್ಲಿದ್ದುದು ಹನ್ನೆರಡು ಲಕ್ಷ. ಪಿಂಚಣಿಯ ಜೊತೆಗೆ ಅದರಿಂದ ತಿಂಗಳಿಗೆ ಆರು ಸಾವಿರ ಬರಬೇಕು ಎಂಬುದು ಅವರ ಆಸೆ. ಲೆಕ್ಕ ಹಾಕಿ ನೋಡೋಣ ಎಂದೆ. 2020ರ ಜನವರಿಯ ಎತ್ತರದಿಂದ ಮಾರ್ಚ್ 23ರವರೆಗೆ ನಿಫ್ಟಿ ಸುಮಾರು ಶೇ 38 ಬಿದ್ದಿತ್ತು. ಅಂಥದ್ದೇ ಕುಸಿತ ಮತ್ತೆ ಬಂದರೆ ಶೇ 75 ಷೇರಿರುವ ಅಗ್ರೆಸಿವ್ ಹೈಬ್ರಿಡ್‌ನಲ್ಲಿ ಹನ್ನೆರಡು ಲಕ್ಷಕ್ಕೆ ಸುಮಾರು 3.4 ಲಕ್ಷ ಕರಗುತ್ತದೆ. ನಿವ್ವಳ 44 ಇರುವ ಫಂಡ್‌ನಲ್ಲಿ ಸುಮಾರು ಎರಡು ಲಕ್ಷ. ಬೀಳುತ್ತಿರುವಾಗಲೇ ಕೊಳ್ಳುವ ಸೂತ್ರದ ಫಂಡ್ ಆದರೆ ಇನ್ನೂ ಸ್ವಲ್ಪ ಹೆಚ್ಚು. ಎರಡನೆಯದನ್ನು ತಡೆದುಕೊಂಡು ತಿಂಗಳ ಆರು ಸಾವಿರ ತೆಗೆಯುತ್ತಿರಬಹುದು. ಮೊದಲನೆಯದರಲ್ಲಿ ಹಾಗೆ ತೆಗೆಯುತ್ತ ಹೋದರೆ ಕುಸಿದ ಬೆಲೆಗೆ ಹೆಚ್ಚು ಯುನಿಟ್‌ಗಳು ಮಾರಾಟವಾಗಿ, ಪೇಟೆ ಚೇತರಿಸಿಕೊಂಡಾಗ ಜೊತೆಗೆ ಏರಲು ಉಳಿದಿರುವ ಯುನಿಟ್‌ಗಳು ಕಡಿಮೆಯಾಗಿರುತ್ತವೆ.

ಅಗ್ರೆಸಿವ್ ಹೈಬ್ರಿಡ್ ಮೇಷ್ಟ್ರ ಮಗನಿಗೆ ಸರಿ. ಮೂವತ್ತರ ವಯಸ್ಸು, ಸಂಬಳ ನಡೆಯುತ್ತಿದೆ, ಇನ್ನು ಏಳೆಂಟು ವರ್ಷ ಈ ಹಣ ಬೇಡ. ಪೂರ್ತಿ ಷೇರಿನ ಫಂಡ್ ಹಾಕಿ ಮೊದಲ ಕುಸಿತಕ್ಕೇ ಓಡಿಹೋಗುವ ಹುಡುಗರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು.

“ಮಲ್ಟಿ ಅಸೆಟ್ ಅಂತ ಇನ್ನೊಂದು ಹೇಳಿದ್ರು. ಚಿನ್ನ ಇರತ್ತಂತೆ, ಮನೆಯವಳಿಗೂ ಹಿಡಿಸ್ತು.”

ಕನಿಷ್ಠ ಮೂರು ಬಗೆಯ ಆಸ್ತಿ, ಪ್ರತಿಯೊಂದರಲ್ಲೂ ಕನಿಷ್ಠ ಶೇ 10. ನಿಯಮ ಇಷ್ಟೇ. ಮೂರನೆಯದು ಹೆಚ್ಚಾಗಿ ಚಿನ್ನ ಬೆಳ್ಳಿಯ ಇಟಿಎಫ್. ಒಂದು ಫಂಡ್‌ನಲ್ಲಿ ಷೇರು 66, ಚಿನ್ನ 12, ಉಳಿದದ್ದು ಸಾಲಪತ್ರ ಇದ್ದರೆ ಅದು ಚಿನ್ನದ ಅಂಚು ಹಚ್ಚಿದ ಅಗ್ರೆಸಿವ್ ಹೈಬ್ರಿಡ್. ಇನ್ನೊಂದರಲ್ಲಿ ಷೇರು 40 ಮಾತ್ರ ಇದ್ದರೆ ಅದರ ತೆರಿಗೆಯೇ ಬೇರೆ: ಶೇ 12.5ರ ದರ ಸಿಗಬೇಕಾದರೆ ಎರಡು ವರ್ಷ ಕಾಯಬೇಕು, 1.25 ಲಕ್ಷದ ವಿನಾಯಿತಿಯೂ ಇಲ್ಲ. ಅದಕ್ಕೆ ಮೊದಲೇ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ.

2025ರಲ್ಲಿ ಚಿನ್ನ, ಬೆಳ್ಳಿ ಎರಡೂ ಓಡಿದ್ದರಿಂದ ಈ ಫಂಡ್‌ಗಳ ಆ ವರ್ಷದ ಗಳಿಕೆ ಕಣ್ಣು ಕುಕ್ಕುತ್ತದೆ, ಏಜೆಂಟರು ತೋರಿಸುವುದೂ ಅದನ್ನೇ. 2012ರಲ್ಲಿ ಹತ್ತು ಗ್ರಾಂ ಚಿನ್ನ ಸುಮಾರು 31 ಸಾವಿರ ಇತ್ತು, 2018ರಲ್ಲೂ ಸುಮಾರು ಅಷ್ಟೇ ಇತ್ತು ಎಂಬುದನ್ನು ಯಾರೂ ತೋರಿಸುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಒಡವೆ ಸಾಕಷ್ಟಿದೆ, ಇದು ಬೇಡವೆಂದೆ. ಬೀರುವಿನಲ್ಲಿ ಚಿನ್ನವಿಲ್ಲದೆ, ಆಗಾಗ ಪಾಲು ಸರಿದೂಗಿಸುವ ತಾಪತ್ರಯವೂ ಬೇಡ ಎನ್ನುವವರು ಕೊಳ್ಳಲಿ. ಫಂಡ್ ಒಳಗೊಳಗೇ ಚಿನ್ನ ಮಾರಿ ಷೇರು ಕೊಂಡರೆ ಹೂಡಿಕೆದಾರನಿಗೆ ಆಗ ತೆರಿಗೆ ಬೀಳದು. ಅದರ ನಿಜವಾದ ಅನುಕೂಲ ಇದೇ.

ಕಡೆಗೆ ಮೇಷ್ಟ್ರು ಏಳು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ, ಐದು ಲಕ್ಷವನ್ನು ಮಾತ್ರ ಈ ಬ್ಯಾಲೆನ್ಸ್ಡ್ ಅಡ್ವಾಂಟೇಜ್‌ನಲ್ಲಿ ತೊಡಗಿಸಿದರು. ಮೊದಲ ವರ್ಷ ಅದನ್ನು ಮುಟ್ಟುವುದಿಲ್ಲವಂತೆ. ಫಂಡ್‌ಗಳು ತಿಂಗಳ ಹೂಡಿಕೆ ಪಟ್ಟಿಯನ್ನು ಮುಂದಿನ ತಿಂಗಳ ಹತ್ತರೊಳಗೆ ಪ್ರಕಟಿಸಬೇಕು. ಹನ್ನೊಂದನೇ ತಾರೀಖು ಅದನ್ನು ತೆರೆದು, ಷೇರಿನ ಸಾಲಿನಿಂದ ಮೈನಸ್ ಸಾಲು ಕಳೆದು, ಉತ್ತರವನ್ನು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇನೆ ಎಂದಿದ್ದಾರೆ. ಮೊದಲ ಸಾಲಿನಲ್ಲಿ 44 ಈಗಾಗಲೇ ಬಿದ್ದಿದೆ.