ಮೇಲಕ್ಕೆ ‘ಆಗಿದೆ’, ಕೆಳಕ್ಕೆ ‘ಮಾಡಿದ್ದೀರಿ’

ಕಚೇರಿ ಕನ್ನಡದ ವಿನಯಕ್ಕೆ ಅದರ ಯೋಗ್ಯತೆಗಿಂತ ದೊಡ್ಡ ಹೆಸರು ಬಂದುಬಿಟ್ಟಿದೆ. ‘ಮಾನ್ಯರೇ’ ಎಂದು ಶುರು ಮಾಡಿ ‘ತಮ್ಮ ಅವಗಾಹನೆಗೆ ಸಲ್ಲಿಸಿದೆ’ ಎಂದು ಮುಗಿಸಿದರೆ ಗೌರವ ಸಂದಿತು ಎಂದೇ ಎಲ್ಲರ ನಂಬಿಕೆ. ದಾವಣಗೆರೆಯನ್ನೇ ನೋಡಿ. 1997ರಲ್ಲಿ ಅದು ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೀಗೆ ಕೂಡಿಬಂದ ತಾಲ್ಲೂಕುಗಳಲ್ಲಿ ಆಡುಮಾತು ಊರಿಂದೂರಿಗೆ ಬದಲಾದೀತು, ಕಡತದ ಮಾತು ಮಾತ್ರ ಎಲ್ಲೆಡೆ ಒಂದೇ.

ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಮಳೆಗೆ ಬಿದ್ದ ಮನೆಗಳ ಪಟ್ಟಿ ಗ್ರಾಮ ಆಡಳಿತಾಧಿಕಾರಿಯಿಂದ ಬಂದಿಲ್ಲ. ನಡುವೆ ಸಿಕ್ಕಿಕೊಂಡ ಶಿರಸ್ತೇದಾರರು ತಹಶೀಲ್ದಾರರಿಗೆ ಬರೆಯುತ್ತಾರೆ: ‘ಸದರಿ ವರದಿ ಸಲ್ಲಿಸುವಲ್ಲಿ ವಿಳಂಬವಾಗಿದೆ, ತಾವು ಮನ್ನಿಸಬೇಕಾಗಿ ಕೋರಿದೆ.’ ಅದೇ ಗಳಿಗೆಯಲ್ಲಿ ಕೆಳಗಿನವರಿಗೆ: ‘ನೀವು ವಿಳಂಬ ಮಾಡಿದ್ದೀರಿ. ಇಂದೇ ಕಳುಹಿಸತಕ್ಕದ್ದು.’

‘ತಾವು’, ‘ನೀವು’ ಎರಡೂ ಬಹುವಚನವೇ. ಅವುಗಳಲ್ಲಿ ತಪ್ಪು ಹುಡುಕಿದರೆ ಸಿಗದು. ಕ್ರಿಯಾಪದ ನೋಡಿ. ಮೇಲಕ್ಕೆ ಹೋಗುವಾಗ ವಿಳಂಬ ತಾನಾಗಿ ಆಯಿತು, ಮಾಡಿದವರು ಯಾರೂ ಇಲ್ಲ. ‘ಕೋರಿದೆ’ಯಲ್ಲಿ ಕೋರಿದವರ ಸುಳಿವೂ ಇಲ್ಲ. ಕೆಳಕ್ಕೆ ಇಳಿಯುವಾಗ ಅದೇ ವಿಳಂಬಕ್ಕೆ ಒಬ್ಬ ಕರ್ತೃ ಹುಟ್ಟಿಕೊಂಡ. ಅಂದರೆ ಮೇಲಿನವರಿಗೆ ಸಂದದ್ದು ಗೌರವವಲ್ಲ, ಬರೆದವರ ರಕ್ಷಣೆ. ತಹಶೀಲ್ದಾರರಿಗೆ ಬೇಕಿದ್ದ ಮಾಹಿತಿ, ಅಂದರೆ ಎಷ್ಟು ಊರಿನ ಪಟ್ಟಿ ಬಾಕಿ, ಯಾವಾಗ ಬರುತ್ತದೆ ಎಂಬುದು, ಆ ಸಾಲಿನಲ್ಲಿ ಇಲ್ಲವೇ ಇಲ್ಲ.

ನಮ್ಮ ಭಾಷಾಶುದ್ಧಿಯ ವಿಮರ್ಶಕರು ಇಲ್ಲಿ ‘ಸದರಿ’ಯನ್ನು ಹಿಡಿದು ಜಗ್ಗುತ್ತಾರೆ. ಅದನ್ನು ‘ಈ’ ಎಂದು ತಿದ್ದಿದರೂ ಕರ್ತೃ ಅಡಗಿಯೇ ಇರುತ್ತಾನೆ! ಇನ್ನೊಂದು ಬಣದ್ದು ಎಲ್ಲರಿಗೂ ‘ತಾವು’ ಅನ್ನಿ ಎಂಬ ಸಮಾನತೆಯ ಉಪದೇಶ. ‘ತಾವು ವಿಳಂಬ ಮಾಡಿದ್ದೀರಿ’ ಎಂದು ಕಿರಿಯರಿಗೆ ಬರೆದು ನೋಡಲಿ, ಅದು ಚುಚ್ಚುಮಾತಾಗಿಯೇ ಕೇಳುತ್ತದೆ.

ನಾನಾದರೆ ಎರಡನ್ನೂ ಅದಲುಬದಲು ಮಾಡುತ್ತೇನೆ. ಮೇಲಕ್ಕೆ: ‘ಸರ್, ಎರಡು ಊರಿನ ಪಟ್ಟಿ ಬಾಕಿ ಇದೆ. ನಾನು ನಿನ್ನೆಯೇ ವಿಚಾರಿಸಬೇಕಿತ್ತು. ನಾಳೆ 11 ಗಂಟೆಯೊಳಗೆ ಸಲ್ಲಿಸುತ್ತೇನೆ.’ ಇಲ್ಲಿ ‘ಸಲ್ಲಿಸು’ ಒಂದೇ ಸಾಕು, ಮರ್ಯಾದೆ ಪೂರಾ ಅದರಲ್ಲಿದೆ. ಕೆಳಕ್ಕೆ: ‘ಆ ಎರಡು ಊರಿನ ಪಟ್ಟಿ ಇನ್ನೂ ಬಂದಿಲ್ಲ. ಏನಾದರೂ ಅಡ್ಡಿ ಇದೆಯೇ? ಸಂಜೆಯೊಳಗೆ ಕಳಿಸಿಕೊಡಿ.’ ‘ಕಳುಹಿಸತಕ್ಕದ್ದು’ ಹೋಗಿ ‘ಕೊಡಿ’ ಬಂತು. ಗಡುವು ಮಾತ್ರ ಸಡಿಲವಾಗಲಿಲ್ಲ. ದಾವಣಗೆರೆ ಕಡೆ ಎದುರಿಗೆ ಸಿಕ್ಕರೆ ‘ಕಳಿಸ್ರಿ’ ಎಂದು ಆಡುವ ಮಾತಿಗೂ ಇದೇ ಹತ್ತಿರ.

ಕಾರಣ ಕೇಳುವ ನೋಟಿಸಿಗೆ ಈ ಸೂತ್ರ ಒಗ್ಗದು. ಅಲ್ಲಿ ಯಾರು ಏನು ಮಾಡಲಿಲ್ಲ ಎಂಬುದು ಸ್ಪಷ್ಟವಾಗಿರಲೇಬೇಕು, ಇಲ್ಲದಿದ್ದರೆ ಉತ್ತರ ಕೊಡುವವರು ಯಾವುದಕ್ಕೆ ಉತ್ತರ ಕೊಡಬೇಕು? ದಿನನಿತ್ಯದ ವಾಟ್ಸಾಪ್ ಸಂದೇಶಕ್ಕೂ ಅದೇ ನೋಟಿಸಿನ ಧಾಟಿ ಅಂಟಿಕೊಂಡಿರುವುದಕ್ಕೇ ನನ್ನ ತಕರಾರು.