ಸ್ಮೃತಿಚಿತ್ರಣದಲ್ಲಿ ಗದ್ಯಬಂಧವೂ ಪಾದವಿಭಾಗವೂ

ಪಾದವಿಭಾಗವಿಲ್ಲದ ಪದಸಂತಾನವೇ ಗದ್ಯವೆಂಬ ದಂಡಿಯ ಲಕ್ಷಣವು ವಾಚಕರಿಗೆ ಸುವಿದಿತವೇ ಆಗಿದೆ. ಇದನ್ನು ನಾವು ಅಭಾವರೂಪವಾಗಿಯೇ ಗ್ರಹಿಸುತ್ತ ಬಂದಿದ್ದೇವೆ. ಪದ್ಯದಿಂದ ಏನನ್ನೋ ಕಳೆದರೆ ಉಳಿಯುವುದು ಗದ್ಯವೆಂಬಂತೆ. ಛಂದಸ್ಸನ್ನು ತೊರೆದ ಈಗಿನ ಕವಿತೆಗಳಲ್ಲಿ ಸಾಲನ್ನು ಮುರಿಯುವುದೊಂದೇ ಪದ್ಯದ ಕುರುಹಾಗಿ ಉಳಿದಿರುವುದರಿಂದ, ಅದನ್ನೂ ಬಿಟ್ಟವನು ಕವಿಯೇ ಅಲ್ಲವೆಂಬ ಭಾವನೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ನಾನೂ ಹಾಗೆಯೇ ಭಾವಿಸಿ ಒಬ್ಬ ವಿದ್ಯಾರ್ಥಿಗೆ ತಪ್ಪು ಸಲಹೆಯಿತ್ತೆನು.

ಆತನು ಮಲೆನಾಡಿನವನು. ಬಾಲ್ಯದ ಅಡಕೆ ಕೊಯ್ಲಿನ ಒಂದು ರಾತ್ರಿಯನ್ನು ಒಂದೇ ವಾಕ್ಯದಲ್ಲಿ ಬರೆದು ತಂದಿದ್ದನು: “ಹಂಡೆಯ ಚೊಗರು ಕುದಿದು ಅದರ ಹಬೆ ಚಪ್ಪರದ ತುಂಬ ಹಬ್ಬುತ್ತಿರಲು, ಮೆಟ್ಟುಗತ್ತಿಯ ಮುಂದೆ ಕುಳಿತ ಅಜ್ಜಿ, ಕೈಯನ್ನು ನಿಲ್ಲಿಸದೆ, ಸುಲಿದ ಕಾಯಿ ಬುಟ್ಟಿಗೆ ಬೀಳುವ ಸದ್ದಿಗೆ ಕಥೆಯ ಮಾತನ್ನು ಹೊಂದಿಸುತ್ತ, ನಿದ್ದೆಗೆ ಜಾರಿದ ನನ್ನನ್ನು ಕಥೆಯೊಳಗಿನ ರಾಜಕುಮಾರನ ಹೆಸರಿನಿಂದ ಕೂಗಿ ಎಬ್ಬಿಸುತ್ತಿದ್ದಳು.” ಇದು ಬರಿಯ ಗದ್ಯ, ಸಾಲುಗಳಾಗಿ ಒಡೆದು ತಾ ಎಂದೆನು. ವಾರದ ಬಳಿಕ ತಂದನು: ಚೊಗರಿನ ಹಬೆ, ಒಂದು ಸಾಲು, ಮೆಟ್ಟುಗತ್ತಿ, ಇನ್ನೊಂದು, ಬುಟ್ಟಿಯ ಸದ್ದು, ಮತ್ತೊಂದು, ಕಡೆಗೆ ಅಜ್ಜಿ, ಒಬ್ಬಳೇ ಒಂದು ಸಾಲಿನಲ್ಲಿ. ಎಲ್ಲವೂ ಇದ್ದವು, ಆ ರಾತ್ರಿ ಮಾತ್ರ ಇರಲಿಲ್ಲ.

ಹೋದುದೇನು? ಮೊದಲಿನ ವಾಕ್ಯದಲ್ಲಿ ‘ಕುದಿದು’, ‘ನಿಲ್ಲಿಸದೆ’, ‘ಹೊಂದಿಸುತ್ತ’ ಎಂಬ ಕೃದಂತಾವ್ಯಯಗಳು ಒಂದು ಕ್ರಿಯೆಯನ್ನು ಇನ್ನೊಂದಕ್ಕೆ ಕಟ್ಟಿ, ಕೇಳುವವನ ಆಕಾಂಕ್ಷೆಯನ್ನು ಕೊನೆಯ ಪೂರ್ಣಕ್ರಿಯಾಪದದ ವರೆಗೆ ಎತ್ತಿಹಿಡಿದಿದ್ದವು. ಕನ್ನಡ ವಾಕ್ಯಕ್ಕೆ ಇದು ಸಹಜಶಕ್ತಿ. ನಿದ್ದೆಗೆ ಜಾರುವ ಹುಡುಗನಿಗೆ ಹಬೆಯೂ ಸದ್ದೂ ಕಥೆಯೂ ಬೇರೆಬೇರೆಯಾಗಿರಲಿಲ್ಲ. ವಾಕ್ಯವು ಅವನ್ನು ಬೇರೆಮಾಡಲಿಲ್ಲ. ಸಾಲಿನ ಕೊನೆಯಾದರೋ ಒಂದು ನಿಲುಗಡೆ. ಅದು ಮುಂಚಿನ ಪದವನ್ನು ಎತ್ತಿ ತೋರಿಸಿ, ಒಂದು ಕ್ಷಣ ಮೌನವನ್ನಿಡುತ್ತದೆ. ಮೌನವೇ ಇಲ್ಲದಿದ್ದ ರಾತ್ರಿಯಲ್ಲಿ ನನ್ನ ಸಲಹೆಯಿಂದ ಮೂರು ಮೌನಗಳು ಸೇರಿಕೊಂಡವು.

ಇಂತಹುದೇ ಒಂದು ನಿದರ್ಶನವನ್ನು ಫ್ರೆಂಚ್ ಬಲ್ಲ ಮಿತ್ರರೊಬ್ಬರು ಓದಿ ವಿವರಿಸಿದರು. ಬೋದಿಲೇರ್ ಕವಿಯು ಪ್ರೇಯಸಿಯ ಕೇಶದ ಕಂಪಿನಿಂದ ಮೂಡುವ ದೂರದ ಉಷ್ಣದೇಶದ ಸ್ಮೃತಿಯನ್ನು ಎರಡು ಸಲ ಬರೆದಿದ್ದಾನೆ. 1857ರಲ್ಲಿ ಪ್ರಕಟವಾದುದು ಗದ್ಯ. 1859ರಲ್ಲಿ ಪ್ರಕಟವಾದುದು ಪ್ರಾಸಬದ್ಧವಾದ ಪದ್ಯ. ಅದರಲ್ಲಿ ಏಳು ಖಂಡಗಳು, ಇದರಲ್ಲಿಯೂ ಏಳು. ಆದುದರಿಂದ ಹೋಲಿಕೆಗೆ ಅನುಕೂಲ. (ಪದ್ಯವು ಹನ್ನೆರಡು ಅಕ್ಷರಗಳ ಸಾಲುಗಳುಳ್ಳ ವೃತ್ತವೇ ಹೊರತು ಈಗಿನ ಮುರಿದ ಸಾಲುಗಳಲ್ಲವೆಂಬುದನ್ನು ಮರೆಯಬಾರದು.) ಪದ್ಯದಲ್ಲಿ ಸಂಬೋಧನೆಗಳು ಹೆಚ್ಚು, ಅಲ್ಲಿಗೆ ಹೋಗುವೆನು, ಮುಳುಗುವೆನು ಎಂಬ ಸಂಕಲ್ಪ ಹೆಚ್ಚು. ಗದ್ಯದಲ್ಲಿ ಕವಿಯು ಹಡಗಿನ ಕೋಣೆಯೊಂದರಲ್ಲಿ, ರೇವಿನ ಕಂಡೂ ಕಾಣದ ತೂಗಾಟದಲ್ಲಿ, ಹೂಕುಂಡಗಳಿಗೂ ನೀರು ತಣಿಸುವ ಮಣ್ಣಿನ ಹೂಜಿಗಳಿಗೂ ನಡುವೆ ಕಳೆದ ದೀರ್ಘಪ್ರಹರಗಳನ್ನು ಮರಳಿ ಪಡೆಯುತ್ತಾನೆ. ಕೊಬ್ಬರಿ ಎಣ್ಣೆ, ಕಸ್ತೂರಿ, ಡಾಂಬರುಗಳ ವಾಸನೆ ಎರಡರಲ್ಲಿಯೂ ಇದೆ. ಆ ಹೂಜಿಗಳು ಗದ್ಯದಲ್ಲಿ ಮಾತ್ರ. ಪದ್ಯವು ಭವ್ಯತರವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಅಲ್ಲಿ ವಾಸವಾಗಿದ್ದ ಅನುಭವವನ್ನು ಕೊಡುವುದು ಹೂಜಿಯೇ.

ಸಾಂದ್ರತೆಯೆಂದರೆ ಸಮಾಸಗಳ ರಾಶಿಯೆಂದು ಮಾತ್ರ ತಿಳಿಯಬಾರದು. ವಾಮನನು ಗದ್ಯವನ್ನು ವೃತ್ತಗಂಧಿ, ಚೂರ್ಣ, ಉತ್ಕಲಿಕಾಪ್ರಾಯವೆಂದು ಮೂರಾಗಿ ವಿಂಗಡಿಸಿರುವುದು ಇಲ್ಲಿ ಉಪಯುಕ್ತ. ದೀರ್ಘಸಮಾಸಗಳ ಉತ್ಕಲಿಕಾಪ್ರಾಯವು ವರ್ಣನೆಗೆ ಒಗ್ಗುವುದಾದರೂ ಸ್ವಂತ ಸ್ಮೃತಿಯ ಮೇಲೆ ಅಲಂಕಾರದ ಹೊರೆ ಹೊರಿಸುತ್ತದೆ. ವೃತ್ತಗಂಧಿಯ ದೋಷ ಸೂಕ್ಷ್ಮವಾದುದು: ಗಟ್ಟಿಯಾಗಿ ಓದುವಾಗ ವಾಕ್ಯವು ತಾನಾಗಿ ಐದೈದು ಮಾತ್ರೆಯ ಗಣಗಳಾಗಿ, ಲಲಿತ ರಗಳೆಯಂತೆ, ತೂಗತೊಡಗಿದರೆ ಕಿವಿ ತೂಗಾಟವನ್ನು ಹಿಂಬಾಲಿಸಿ ವಸ್ತುವನ್ನು ಬಿಟ್ಟುಬಿಡುತ್ತದೆ. ಬೇಕಾದುದು ಚೂರ್ಣದ ಬಿಡಿಮಾತು. ದಟ್ಟಣೆಯೆಲ್ಲ ಕ್ರಿಯೆಗಳ ಸಂಬಂಧದಲ್ಲಿ ಇರತಕ್ಕದ್ದು.

ಈಗ ನಾನು ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ಸಾಲುಗಳನ್ನು ಕೂಡಿಸಿ ಓದಿನೋಡಿ, ಏನೂ ನಷ್ಟವಾಗದಿದ್ದರೆ ಆ ಮುರಿತವು ಅಚ್ಚಿನ ಮೊಳೆ ಜೋಡಿಸುವವನದು, ಕವಿಯದಲ್ಲ. ನಷ್ಟವಾದರೆ ಮುರಿದೇ ಇಡಿ.

ಅದೇ ಹುಡುಗನು ಮುಂದೆ ಅಜ್ಜಿ ತೀರಿಕೊಂಡ ವರ್ಷದ ಕೊಯ್ಲಿನ ಮೇಲೆ ಬರೆದನು. ಮೆಟ್ಟುಗತ್ತಿ ಒಂದು ಸಾಲು, ಅದರ ಹಿಂದಿನ ಬರಿದಾದ ಮಣೆ ಒಂದು ಸಾಲು, ಬಳಿಕ ಯಾರೂ ಮುಗಿಸದ ಕಥೆ. ಕೂಡಿಸಿ ಓದಿದೆನು. ಎರಡಕ್ಕೂ ನಡುವಿನ ಮೌನ ಮುಚ್ಚಿಹೋಗಿ, ಮನೆಯ ಸಾಮಾನಿನ ಪಟ್ಟಿಯಂತಾಯಿತು. ಹಸ್ತಪ್ರತಿಯನ್ನು ಏನೂ ತಿದ್ದದೆ ಹಿಂದಿರುಗಿಸಿದೆನು.