ಏಳಕ್ಕೆ ಏಳು: ಬೆಳಗಾವಿ ಕ್ಯಾಂಪಿನ ಅರ್ಧ ಪುರಸಭೆ

ಬೆಳಗಾವಿಯ ಕ್ಯಾಂಪಿಗೆ ಹೊಸದಾಗಿ ಬಂದವರು ಅಗಲ ರಸ್ತೆ, ಹಳೆ ಮರಗಳ ನೆರಳು, ದೊಡ್ಡ ಕಾಂಪೌಂಡಿನೊಳಗಿನ ಹಂಚಿನ ಬಂಗಲೆಗಳನ್ನು ಕಂಡು ಊರೆಂದರೆ ಹೀಗಿರಬೇಕು ಅನ್ನುತ್ತಾರೆ. ಆ ಮೆಚ್ಚುಗೆಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ರಸ್ತೆಗಳನ್ನು ಆಳುವ 2006ರ ಕಂಟೋನ್ಮೆಂಟ್ ಕಾಯ್ದೆಯ ಬಗ್ಗೆ.

ಪಕ್ಕದ ಮಹಾನಗರ ಪಾಲಿಕೆ ರಾಜ್ಯದ ಕಾಯ್ದೆಯಡಿ ನಡೆಯುತ್ತದೆ. ಕ್ಯಾಂಪು ಹಾಗಲ್ಲ. ದಂಡು ಪ್ರದೇಶದ ಸ್ಥಳೀಯ ಆಡಳಿತವನ್ನು ಸಂವಿಧಾನವೇ ಕೇಂದ್ರದ ಪಟ್ಟಿಗೆ ಸೇರಿಸಿದೆ. ಹಾಗಾಗಿ ಇಲ್ಲಿ ದಂಡು ಮಂಡಳಿಯಿದೆ, ಅದರ ಮೇಲೆ ರಕ್ಷಣಾ ಸಚಿವಾಲಯವಿದೆ. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಹತ್ತೊಂಬತ್ತು ಸಾವಿರ ಚಿಲ್ಲರೆ. ಹತ್ತು ಸಾವಿರದಿಂದ ಐವತ್ತು ಸಾವಿರದೊಳಗಿನ ದಂಡಿಗೆ ಕಾಯ್ದೆ ಕೊಡುವುದು ಏಳು ಚುನಾಯಿತ ಸದಸ್ಯರನ್ನು. ಅವರೆದುರಿಗೆ ಪದನಿಮಿತ್ತ ಹಾಗೂ ನೇಮಿತರಾಗಿ ಇನ್ನೂ ಏಳು ಮಂದಿ: ಸ್ಟೇಷನ್ ಕಮಾಂಡರ್, ಜಿಲ್ಲಾಡಳಿತದ ಪ್ರತಿನಿಧಿ, ಸಿಇಒ, ಆರೋಗ್ಯಾಧಿಕಾರಿ, ಎಂಜಿನಿಯರ್, ಇಬ್ಬರು ಸೇನಾಧಿಕಾರಿಗಳು. ಅಧ್ಯಕ್ಷರು ಕಮಾಂಡರೇ. ಜನರು ಆರಿಸಿದವರಿಗೆ ಸಿಗುವುದು ಉಪಾಧ್ಯಕ್ಷ ಸ್ಥಾನ.

ಈ ಲೆಕ್ಕ ಸಭೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ರಾತ್ರಿ ಮುಚ್ಚಿದ ರಸ್ತೆಯೊಂದನ್ನು ತೆರೆಯಬೇಕೆಂದು ಏಳೂ ನಗರಸೇವಕರು ಒಗ್ಗಟ್ಟಾಗಿ ಗೊತ್ತುವಳಿ ತಂದರು ಅನ್ನಿ. ಎದುರು ಬದಿಯ ಏಳು ಮಂದಿ ಬೇಡವೆಂದರೆ ಸಮಬಲ. ಆಗ ಅಧ್ಯಕ್ಷರಿಗೆ ಇನ್ನೊಂದು ಮತವಿದೆ, ಗೊತ್ತುವಳಿ ಬಿದ್ದುಹೋಗುತ್ತದೆ. ಅಧಿಕಾರಿಗಳಲ್ಲೊಬ್ಬರು ಮನಸ್ಸು ಬದಲಿಸಿ ಎಂಟಕ್ಕೆ ಆರರಿಂದ ಗೆದ್ದರೂ ಮುಗಿಯುವುದಿಲ್ಲ. ಸೈನಿಕರ ಆರೋಗ್ಯ, ಶಿಸ್ತು ಇಲ್ಲವೆ ಭದ್ರತೆಗೆ ಧಕ್ಕೆಯೆಂದು ಅಧ್ಯಕ್ಷರಿಗೆ ಅನಿಸಿದರೆ, ಕಾರಣ ಬರೆದು ಒಂದು ತಿಂಗಳವರೆಗೆ ತಡೆಹಿಡಿದು ಮೇಲಕ್ಕೆ ಕಳಿಸಬಹುದು. ಸೇನೆಗೆ ಇಂಥ ತಡೆ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಮದ್ದುಗುಂಡಿನ ಉಗ್ರಾಣದ ಪಕ್ಕ ಯಾರೂ ಮಾರುಕಟ್ಟೆ ಕಟ್ಟಲಾಗದು. ಆದರೆ ಚರಂಡಿ, ಬೀದಿದೀಪ, ಅಂಗಡಿ ಬಾಡಿಗೆಯ ವಿಚಾರ ಮಂಡಳಿಯ ಮುಂದೆ ಬಂದಾಗಲೂ ಮತ ಎಣಿಸುವುದು ಇದೇ ಏಳು-ಏಳರ ತಕ್ಕಡಿಯಲ್ಲೇ. ಕಾಯ್ದೆಯ ದೊಡ್ಡ ಕೊರತೆ ಇದೆಂದು ನನಗೆ ತೋರುತ್ತದೆ.

ನೆಲದ ಮಾತು ಇನ್ನೂ ಸೂಕ್ಷ್ಮ. ಪಾಲಿಕೆಯಲ್ಲಿ ಖಾತಾ ಇದ್ದಹಾಗೆ ಇಲ್ಲಿ ಜನರಲ್ ಲ್ಯಾಂಡ್ ರಿಜಿಸ್ಟರ್ ಇದೆ, ಬಾಯಿಮಾತಿನಲ್ಲಿ ಜಿಎಲ್‌ಆರ್. ದಂಡುಗಳ ಹಳೆ ಬಂಗಲೆಗಳು ಹಲವು ‘ಓಲ್ಡ್ ಗ್ರ್ಯಾಂಟ್’ ಬಾಬತ್ತಿನವು: ಗೋಡೆ, ಮಾಡು ಮನೆಯವರದು, ಕೆಳಗಿನ ನೆಲ ಸರ್ಕಾರದ್ದು. ಅಪ್ಪ ತೀರಿಕೊಂಡ ಮೇಲೆ ಮಗನ ಹೆಸರು ಏರಿಸಲು, ಹಿತ್ತಲಲ್ಲಿ ಒಂದು ಕೋಣೆ ಎಬ್ಬಿಸಲು ಹೊರಟಾಗ ಮೊದಲು ಏಳುವ ಪ್ರಶ್ನೆ ಜಿಎಲ್‌ಆರ್‌ನಲ್ಲಿ ಏನಿದೆ ಎಂಬುದೇ. ಮಂಡಳಿಯ ಸಿಇಒ ರಕ್ಷಣಾ ಎಸ್ಟೇಟ್ ಸೇವೆಯವರು. ಮಂಜೂರಾತಿ ಕೊಡುವ ಸಂಸ್ಥೆಯ ಮುಖ್ಯ ಅಧಿಕಾರಿ, ನೆಲದ ಒಡೆಯನ ಪರವಾಗಿ ನಿಂತವರು, ಇಬ್ಬರೂ ಒಂದೇ ಇಲಾಖೆಯವರು.

ಮತದ ಹಕ್ಕಿಗೂ ಈ ನೆರಳು ಚಾಚಿದೆ. ಮಧ್ಯಪ್ರದೇಶದ ಪಚ್‌ಮಢಿ ದಂಡಿನ ಪ್ರಕರಣದಲ್ಲಿ, ಅಕ್ರಮವಾಗಿ ಕಟ್ಟಿದ ಮನೆಗಳಲ್ಲಿ ಇರುವವರು ಮಂಡಳಿ ಚುನಾವಣೆಯ ಮತದಾರರಾಗಲಾರರು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಅದೇ ಮನುಷ್ಯ ಲೋಕಸಭೆಗೆ ಮತ ಹಾಕಬಹುದು, ತನ್ನ ನಲ್ಲಿಯ ನೀರನ್ನು ನಿರ್ಧರಿಸುವ ಮಂಡಳಿಗೆ ಹಾಕಲಾರ.

ಪುರಸಭೆಯಿಲ್ಲದೆ ನಡೆಯುವ ಇನ್ನೊಂದು ಬಗೆಯ ಜಾಗಗಳಾದ ಕೈಗಾರಿಕಾ ಟೌನ್‌ಶಿಪ್‌ಗಳ ಕಥೆ ಬೇರೆ. ಸಂವಿಧಾನದ 243ಕ್ಯೂ ವಿಧಿಯ ವಿನಾಯಿತಿ ಪ್ರಕಾರ, ಕಾರ್ಖಾನೆಯೇ ಪೌರಸೇವೆ ಕೊಡುತ್ತಿದ್ದರೆ ರಾಜ್ಯಪಾಲರು ಅಲ್ಲಿ ಪುರಸಭೆ ಬೇಡವೆನ್ನಬಹುದು. 2013ರಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಗೆ ಟೌನ್‌ಶಿಪ್ ಪ್ರಾಧಿಕಾರ ಬಂತು. ತೆರಿಗೆಯ ಹಣ ಅಲ್ಲೇ ಖರ್ಚಾಗುತ್ತದೆ, ರಸ್ತೆಗಳು ಚೆನ್ನಾಗಿವೆ. ಆದರೆ ಅಲ್ಲಿ ದನಿ ಇರುವುದು ಉದ್ದಿಮೆಗಳಿಗೆ. ಹಗಲು ದುಡಿದು ಸಂಜೆ ಸುತ್ತಲಿನ ಬಡಾವಣೆಗೆ ಮರಳುವ ನೌಕರನಿಗೆ ವಾರ್ಡೂ ಇಲ್ಲ, ನಗರಸೇವಕನೂ ಇಲ್ಲ. ದಂಡಿನಲ್ಲಿ ಕಾಗದದ ಮೇಲಾದರೂ ಅರ್ಧ ಪಾಲು ಜನರದು.

ಆ ಅರ್ಧವೂ ಎಷ್ಟು ಸಡಿಲವೆಂದು ಕಂಟೋನ್ಮೆಂಟ್ ಕಾಯ್ದೆಯ ಹದಿಮೂರನೇ ಕಲಮು ತೋರಿಸಿಕೊಟ್ಟಿತು. ಆಡಳಿತದ ಹಿತಕ್ಕೆಂದು ಕೇಂದ್ರ ಸರ್ಕಾರ ಮಂಡಳಿಯನ್ನು ಮೂವರಿಗೆ ಇಳಿಸಬಹುದು: ಅಧ್ಯಕ್ಷರು, ಸಿಇಒ, ಸರ್ಕಾರ ನೇಮಿಸಿದ ಒಬ್ಬ ನಾಗರಿಕ. ಅವಧಿ ಒಂದು ವರ್ಷ ಮೀರಬಾರದು, ಆದರೆ ವಿಸ್ತರಿಸಬಹುದು. ದೇಶದ ದಂಡುಗಳಲ್ಲಿ 2021ರ ಫೆಬ್ರವರಿಯಲ್ಲಿ ಈ ವ್ಯವಸ್ಥೆ ಬಂತು, ಅವಧಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2023ರ ಏಪ್ರಿಲ್ 30ಕ್ಕೆ 57 ದಂಡುಗಳಲ್ಲಿ ಚುನಾವಣೆ ಎಂದು ಘೋಷಣೆಯಾಗಿ, ಮಾರ್ಚ್‌ನಲ್ಲೇ ಅದು ರದ್ದಾಯಿತು.

ಹಾಗಾಗಿ ಚುನಾಯಿತ ಸದಸ್ಯರಿಲ್ಲದ ಮಂಡಳಿಯೇ ತೆರಿಗೆಯ ನೋಟಿಸು ಕಳಿಸಿತು. ಆ ನೋಟಿಸು ಹಿಡಿದು ‘ಇದನ್ನು ಒಪ್ಪಿದವರು ಯಾರು?’ ಎಂದು ಕೇಳಲು ಹೋದರೆ, ಬಾಗಿಲು ತಟ್ಟಬಹುದಾದ ನಗರಸೇವಕರ ಮನೆ ಒಂದೂ ಇರಲಿಲ್ಲ.